ಟಿ ಅಕ್ಷರದ ಸರದಿ

ಸೋಲದೇವನಹಳ್ಳಿ
೯ ಜೂನ್ ೨೦೨೪

‘ಉತ್ತರ ದಿಕ್ಕು’ ಮಾಸಪತ್ರಿಕೆಯ ಪದಪರೀಕ್ಷಕರಾದ ಶ್ರೀ ತ್ರಿವಿಕ್ರಮ ಅವರಿಗೆ ಶರಣು.

ನಾನು ದಾಕ್ಷಾಯಣಿ. ಗೊರಗುಂಟೆಪಾಳ್ಯದ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ ಕೆಲಸ. ‘ವಾಟ್ಸಾಪಿನಲ್ಲಿ ಬಂದ ಉತ್ತರಗಳನ್ನು ಮುಟ್ಟುವುದಿಲ್ಲ’ ಎಂದು ನೀವು ಪ್ರತಿ ತಿಂಗಳೂ ಗದರಿಸುವುದರಿಂದ ಇನ್‌ಲ್ಯಾಂಡ್ ಹುಡುಕಿ ತಂದು ಬರೆಯುತ್ತಿದ್ದೇನೆ.

ನಿಮ್ಮ ‘ವೈ ಒಂದೇ ಸಾಕು’ ಒಗಟನ್ನು ಜನವರಿಯಿಂದ ಬಿಡಿಸುತ್ತಿದ್ದೇವೆ. ಇಂಗ್ಲಿಷ್ ಪದದಲ್ಲಿ a, e, i, o, u ಒಂದೂ ಇರಬಾರದು, ವೈ ಒಂದೇ ಸ್ವರದ ಕೆಲಸ ಮಾಡಬೇಕು, ನಾಲ್ಕಕ್ಕಿಂತ ಕಡಿಮೆ ಅಕ್ಷರ ಇರಬಾರದು. ಜನವರಿಯಲ್ಲಿ ಬಿಯಿಂದ ಡಿವರೆಗಿನ ಪದಗಳು, ಫೆಬ್ರವರಿಯಲ್ಲಿ ಎಫ್, ಜಿ, ಹೀಗೆ ನಡೆದುಕೊಂಡು ಬಂದು ಮೇ ತಿಂಗಳಲ್ಲಿ ಆರ್, ಎಸ್ ಮುಟ್ಟಿದಿರಿ. ಜೂನ್ ಸಂಚಿಕೆ ತೆರೆದರೆ ‘syzygy ಪದದೊಂದಿಗೆ ಈ ಮಾಲೆ ಸಂಪನ್ನವಾಯಿತು’ ಎಂದು ಚೌಕಟ್ಟು ಹಾಕಿ ಬರೆದಿದ್ದೀರಿ. ಸರ್, ಎಸ್ ಆದ ಮೇಲೆ ಟಿ ಬರುತ್ತದೆ.

ನಮ್ಮ ಮಾವನವರು, ಗುರುಪಾದಪ್ಪ ಅಂತ, ಇಂಡಿ ತಾಲೂಕಿನಲ್ಲಿ ಜಾನುವಾರು ಪರಿವೀಕ್ಷಕರಾಗಿದ್ದವರು. ಎರಡು ವರ್ಷದ ಹಿಂದೆ ನಮ್ಮ ಜೊತೆ ಇರಲು ಬಂದರು. ಬಂದವರು ಗೇಟು ದಾಟಿಲ್ಲ. ‘ಹ್ಞಾಂ’, ‘ಸಾಕು’, ಇವೆರಡೇ ಮಾತು. ಜನವರಿಯಲ್ಲಿ ನಿಮ್ಮ ಪುಟ ಅವರ ಕೈಗೆ ಸಿಕ್ಕಿ, ಬಹಳ ಹೊತ್ತು ಓದಿ, ನನ್ನನ್ನು ಕರೆದು ಟಿ ಯಾವಾಗ ಬರತೈತಿ ಎಂದು ಕೇಳಿದರು. ಅವರ ಹತ್ತಿರ ಟಿಯಿಂದ ಶುರುವಾಗುವ ಒಂದು ಪದ ಇದೆಯಂತೆ. ಯಾವುದು ಎಂದರೆ ಸರದಿ ಬರಲಿ ಅಂದರು. ಅಂದಿನಿಂದ ಪ್ರತಿ ಭಾನುವಾರ ನಾನು ಪದ ಹುಡುಕುವುದು, ಅವರು ಅಕ್ಷರ ಎಣಿಸುವುದು. ಅಷ್ಟು ಹೊತ್ತು ಮನೆಯಲ್ಲಿ ಮಾತಿರುತ್ತದೆ. ಈ ಭಾನುವಾರ ಅವರು ಪತ್ರಿಕೆ ಮಡಿಸಿಟ್ಟು ಗೋಡೆ ಕಡೆ ತಿರುಗಿ ಮಲಗಿದ್ದಾರೆ.

ದಯವಿಟ್ಟು ಟಿಯನ್ನು ಕರೆಯಿರಿ.

ದಾಕ್ಷಾಯಣಿ

*

ಆರ್.ಟಿ. ನಗರ
೧೭ ಜೂನ್ ೨೦೨೪

ಶ್ರೀಮತಿ ದಾಕ್ಷಾಯಣಿ ಅವರ ದಿವ್ಯ ಸಮ್ಮುಖಕ್ಕೆ,

ನಿಮ್ಮ ಅಹವಾಲು ಈ ನ್ಯಾಯಪೀಠಕ್ಕೆ ತಲುಪಿದೆ. ಪೀಠ ಎಂದರೆ ಒಂದು ಬೆತ್ತದ ಕುರ್ಚಿ, ನಡುವೆ ತೂತು. ಆರ್.ಟಿ. ನಗರಕ್ಕೂ ಸೋಲದೇವನಹಳ್ಳಿಗೂ ಅಂಚೆ ನಾಲ್ಕು ದಿನ ತೆಗೆದುಕೊಂಡಿದೆ. ಹೆಬ್ಬಾಳದ ಮೇಲ್ಸೇತುವೆಯ ಸಂಜೆಯನ್ನು ಬಲ್ಲವನಾದ್ದರಿಂದ ಇದನ್ನು ವೇಗವೆಂದೇ ದಾಖಲಿಸಿದ್ದೇನೆ.

ಈ ಪೀಠ ಎಂಥೆಂಥವರನ್ನು ಬಾಗಿಲಲ್ಲೇ ನಿಲ್ಲಿಸಿದೆ ಎಂಬುದನ್ನು ತಾವು ತಿಳಿಯಬೇಕು. ಹೆಸರಘಟ್ಟ ರಸ್ತೆಯ ಒಬ್ಬರು psst ಕಳಿಸಿದರು. ಸ್ವರವಿಲ್ಲ, ಸರಿ, ಆದರೆ ವೈ ಎಲ್ಲಿ? cwm ಎಂಬ ಕಣಿವೆಯನ್ನು ಹೊತ್ತು ತಂದ ಪಂಡಿತರಿಗೂ ಅದೇ ಉತ್ತರ: ಮೂರೇ ಅಕ್ಷರ, ಸಾಲದ್ದಕ್ಕೆ ಅಲ್ಲಿ ಸ್ವರದ ಕೆಲಸ ಮಾಡುತ್ತಿರುವುದು ಡಬ್ಲ್ಯೂ, ನಮ್ಮ ನೌಕರನಲ್ಲ. Styx ನದಿಯ ಹೆಸರು, ಅಂಕಿತನಾಮಕ್ಕೆ ಪ್ರವೇಶವಿಲ್ಲ. ಹೆದ್ದಾರಿ ಫಲಕದ hwy ನೋಡಿ ಬರೆದುಕೊಂಡು ಬಂದವರಿಗೆ, ಅದು ಪದವಲ್ಲ, ಪದದ ತುಂಡು, ಅದೂ ಮೂರೇ ಅಕ್ಷರ ಎಂದು ತಿಳಿಹೇಳಿದೆ. lynx ಸೇರಿತು, ಅದರ ಬಹುವಚನಕ್ಕೆ e ಬಂದು ಅಂಟುವುದರಿಂದ ಒಂದೇ ಪ್ರಾಣಿಗೆ ಜಾಗ. nymph ಮಾತ್ರ ಪುಣ್ಯವಂತೆ, ಬಾಲಕ್ಕೆ s ಸೇರಿಸಿಕೊಂಡು nymphs ಆಗಿ ಸಂಸಾರ ಸಮೇತ ಒಳಗೆ ಬಂದಳು. ‘ಎ ಅಕ್ಷರದಿಂದ ಆರಂಭವಾಗುವ ಪದಗಳು ಏಕಿಲ್ಲ?’ ಎಂದು ಕೇಳಿದ ಮೂವರಿಗೆ ಈ ಪೀಠ ಇನ್ನೂ ಉತ್ತರ ಬರೆಯುವ ಧೈರ್ಯ ಮಾಡಿಲ್ಲ.

ಇಷ್ಟು ಕಟ್ಟುನಿಟ್ಟಿನ ಸಭೆ syzygyಯಲ್ಲಿ ಮುಗಿಯಿತು. ಆರು ಅಕ್ಷರ, ಅದರಲ್ಲಿ ಮೂರು ವೈ. ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಗೆ ಬರುವುದು ಎಂದು ಅರ್ಥ. ಇದಾದ ಮೇಲೆ ಯಾವ ಪದ ಬಂದರೂ ಮದುವೆ ಊಟವಾದ ಮೇಲೆ ಅವಲಕ್ಕಿ ಬಡಿಸಿದಂತೆ. ಟಿಯಿಂದ ಮುಂದೆ ಸತ್ವವಿಲ್ಲ.

ತಮ್ಮ ಮಾವನವರ ಪದವನ್ನು ಖಾಸಗಿಯಾಗಿ ಕಳಿಸಿಕೊಡಿ. ನನ್ನ ಸ್ವಹಸ್ತದಲ್ಲಿ ಒಂದು ಪ್ರಶಸ್ತಿಪತ್ರ ಬರೆದುಕೊಡುತ್ತೇನೆ.

ತ್ರಿವಿಕ್ರಮ

*

ಸೋಲದೇವನಹಳ್ಳಿ
೨೫ ಜೂನ್ ೨೦೨೪

ತ್ರಿವಿಕ್ರಮ ಸರ್ ಅವರಿಗೆ,

ಪೀಠದ ಮುಂದೆ ಕೈಕಟ್ಟಿ ನಿಂತು ಹೇಳುತ್ತಿದ್ದೇನೆ: ನಿಮ್ಮ ಕಾಗದದಲ್ಲಿ ಎಲ್ಲವೂ ಇದೆ, ನಾನು ಕೇಳಿದ್ದಕ್ಕೆ ಉತ್ತರ ಮಾತ್ರ ಇಲ್ಲ.

ಸತ್ವವಿಲ್ಲ ಎಂದಿರಲ್ಲ, ನಮ್ಮ ಮನೆಯವರು ಸಂಗಮೇಶ ಅವರ ಹಳೇ ಕಾಲೇಜು ನಿಘಂಟು ತೆಗೆದು ಒಂದು ಗಂಟೆ ಕೂತೆ. tryst ಇದೆ, ಅದಕ್ಕೆ s ಹಚ್ಚಿದರೆ ಇನ್ನೊಂದು. thymy ಇದೆ. wryly ಇದೆ. wynd ಇದೆ. xylyl ಅಂತ ಒಂದು ಇದೆ, ಅದನ್ನು ಉಚ್ಚರಿಸಲು ಹೋಗಿ ಸಂಗಮೇಶ ಅವರಿಗೆ ಬಿಕ್ಕಳಿಕೆ ಬಂತು. ಇವರನ್ನೆಲ್ಲ ಅವಲಕ್ಕಿ ಅನ್ನುತ್ತೀರಾ? ಅವಲಕ್ಕಿ ಬಗ್ಗೆಯೂ ಈ ಮಾತು ಸರಿಯಲ್ಲ, ಆದರೆ ಅದು ಬೇರೆ ಜಗಳ.

ಪ್ರಶಸ್ತಿಪತ್ರ ಮಾವನವರಿಗೆ ಬೇಡವಂತೆ. ಅವರಿಗೆ ಬೇಕಿರುವುದು ಪಟ್ಟಿಯಲ್ಲಿ ಜಾಗ, ಎಲ್ಲರ ಜೊತೆ, ಅಚ್ಚಿನಲ್ಲಿ. ಆದರೂ ನಿಮ್ಮ ಕಾಗದ ಓದಿಸಿಕೊಂಡು, ಲಕೋಟೆಯ ಬೆನ್ನಿನ ಮೇಲೆ ಪದ ಬರೆದುಕೊಟ್ಟರು. ಆರು ತಿಂಗಳು ಕಾಯ್ದಿಟ್ಟಿದ್ದನ್ನು ಕೊಡುವಾಗ ನನ್ನ ಮುಖ ನೋಡಲಿಲ್ಲ. ಪದ ಇದು:

typy

ಟೈಪಿ ಎಂದು ಓದಬೇಕಂತೆ. ಅರ್ಥ ಕೇಳಿದೆ. ‘ಅವರಿಗೆ ಗೊತ್ತಿರತೈತಿ, ಇಂಗ್ಲಿಷ್ ಮಾಸ್ತರು’ ಅಂದರು.

ದಾಕ್ಷಾಯಣಿ

*

ಆರ್.ಟಿ. ನಗರ
೨ ಜುಲೈ ೨೦೨೪

ಶ್ರೀಮತಿ ದಾಕ್ಷಾಯಣಿ ಅವರಿಗೆ,

ಪೀಠ ನಕ್ಕು ಕುರ್ಚಿಯ ತೂತು ಇನ್ನಷ್ಟು ದೊಡ್ಡದಾಗಿದೆ. typy! ಟೈಪಿಸ್ಟ್ ಹುಡುಗಿಯನ್ನು ಮನೆಯಲ್ಲಿ ಮುದ್ದಿಗೆ ಕರೆಯುವ ಹೆಸರೇ? ನನ್ನ ಲಂಡನ್ ನಿಘಂಟಿನಲ್ಲಿ type ಮತ್ತು typist ಆಸುಪಾಸಿನ ಓಣಿಗಳನ್ನೆಲ್ಲ ಮನೆಮನೆ ತಟ್ಟಿ ನೋಡಿದೆ. ಈ ಹೆಸರಿನವರು ಯಾರೂ ವಾಸವಿಲ್ಲ. ಇದ್ದರೂ ಅವರು typey ಎಂದು e ಸಮೇತ ಇರಬೇಕಾದವರು, ಆ ಮಾತ್ರಕ್ಕೇ ಮೊದಲ ಬಾಗಿಲಲ್ಲೇ ಹೊರಗೆ. ಮಾವನವರು ಎಲ್ಲೋ ತಪ್ಪಾಗಿ ಓದಿಕೊಂಡಿರಬೇಕು. ಹಿರಿಯರು, ಬೇಸರಿಸಬಾರದು.

ಮಾಲೆ ಮುಗಿದಿದೆ. ಮುಂದಿನ ತಿಂಗಳಿಂದ ಒಗಟು ಬದಲು.

ತ್ರಿವಿಕ್ರಮ

*

ಸೋಲದೇವನಹಳ್ಳಿ
೨೮ ಜುಲೈ ೨೦೨೪

ಶ್ರೀ ತ್ರಿವಿಕ್ರಮ ಅವರಿಗೆ,

ನಿಮ್ಮ ಕಾಗದವನ್ನು ಮಾವನವರಿಗೆ ತೋರಿಸಬಾರದು ಎಂದು ಫ್ರಿಜ್ಜಿನ ಮೇಲಿನ ಡಬ್ಬಿಯ ಕೆಳಗೆ ಇಟ್ಟಿದ್ದೆ. ಅವರೇ ತೆಗೆದು ಓದಿದ್ದಾರೆ. ಸಂಜೆ ಕೆಲಸದಿಂದ ಬಂದು ನೋಡಿದರೆ ಟ್ರಂಕು ಬಿಚ್ಚಿಕೊಂಡು ನೆಲದ ಮೇಲೆ ಕೂತಿದ್ದರು. ಸುತ್ತ ಹಳೇ ಕಾಗದಗಳು. ದನಗಳ ಪ್ರದರ್ಶನದಲ್ಲಿ ತೀರ್ಪುಗಾರರು ತುಂಬುವ ಹಾಳೆಗಳ ನಕಲುಗಳು. ಒಂದೊಂದರಲ್ಲೂ ಹಸುವಿನ ಕಿವಿಯ ಸಂಖ್ಯೆ, ಎತ್ತರ, ಕೊಂಬು, ಕೊನೆಗೆ ಷರಾ ಎಂಬ ಕಲಮಿನಲ್ಲಿ ಮಾವನವರ ಕೈಬರಹದ ಇಂಗ್ಲಿಷು. ಎಷ್ಟೋ ಹಾಳೆಗಳಲ್ಲಿ ಆ ಷರಾ ಒಂದೇ ಪದ.

ಅವರು ನನ್ನನ್ನು ಕೇಳಿದ್ದನ್ನು ಇದ್ದಹಾಗೆ ಬರೆಯುತ್ತೇನೆ. ‘ಮೂವತ್ನಾಲ್ಕು ವರ್ಷ ಇಲ್ಲದ ಶಬ್ದ ಬರದ್ನ್ಯಾ, ದಾಕ್ಷಾಯಣಿ? ಇದನ್ನ ನೋಡಿ ಬಹುಮಾನ ಕೊಟ್ಟಾರ ಜನಕ್ಕ.’

ಮರುದಿನ ಅರ್ಧ ದಿನ ರಜೆ ಹಾಕಿ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಹೋದೆ. ಗ್ರಂಥಾಲಯದಲ್ಲಿ ಮುನೇಶ್ ಎಂಬವರು ಅಮೆರಿಕದ ದೊಡ್ಡ ನಿಘಂಟನ್ನು ಎರಡು ಕೈಯಲ್ಲಿ ಎತ್ತಿ ತಂದುಕೊಟ್ಟರು. ಅಲ್ಲಿ typey ಇದೆ, ನೀವು ಹೇಳಿದಂತೆ e ಸಮೇತ. ಅದರ ಪಕ್ಕದಲ್ಲೇ ‘ಅಥವಾ typy’ ಎಂದೂ ಇದೆ. ಜಾನುವಾರುಗಳ ವಿಷಯದಲ್ಲಿ ಬಳಸುವ ಪದ ಎಂದು ಬರೆದಿದೆ. ನಕಲು ತೆಗೆಸಿ ಇದರ ಜೊತೆ ಇಟ್ಟಿದ್ದೇನೆ.

ಎರಡು ರೂಪ ಇದ್ದರೆ ಒಪ್ಪುವುದಿಲ್ಲ ಎನ್ನುವಂತಿಲ್ಲ. ನಿಮ್ಮ ಏಪ್ರಿಲ್ ಪಟ್ಟಿಯಲ್ಲಿ pygmy ಇದೆ. ಅದನ್ನು pigmy ಎಂದೂ ಬರೆಯುತ್ತಾರೆ. ಜನವರಿ ಪಟ್ಟಿಯ dryly ಕೂಡ ಹಾಗೇ, drily ಎಂದು i ಹಾಕುವವರೂ ಇದ್ದಾರೆ. ಒಂದು ರೂಪ ನಿಯಮಕ್ಕೆ ಹೊಂದಿದರೆ ಸಾಕು ಎಂದು ಆಗ ನೀವೇ ಒಪ್ಪಿದ್ದೀರಿ.

ನಮಗೆ ಬಹುಮಾನ ಬೇಡ. ಇನ್ನು ಒಗಟು ಬಿಡಿಸುವುದೂ ಇಲ್ಲ. ‘ತಪ್ಪಾಗಿ ಓದಿಕೊಂಡಿರಬೇಕು’ ಎಂಬ ನಿಮ್ಮ ಸಾಲನ್ನು ವಾಪಸು ತೆಗೆದುಕೊಂಡು ಎರಡು ಸಾಲು ಬರೆದು ಕಳಿಸಿ. ಅದನ್ನು ಅವರಿಗೆ ಓದಿ ಹೇಳಬೇಕು.

ದಾಕ್ಷಾಯಣಿ

*

ಆರ್.ಟಿ. ನಗರ
೪ ಆಗಸ್ಟ್ ೨೦೨೪

ದಾಕ್ಷಾಯಣಿ ಅವರಿಗೆ,

ಮೊದಲು ಆ ಎರಡು ಸಾಲು. ಶ್ರೀ ಗುರುಪಾದಪ್ಪನವರು ಬರೆದದ್ದು ಸರಿಯಾದ ಪದ. ತಪ್ಪಾಗಿ ಓದಿಕೊಂಡವನು ನಾನು, ನಿಘಂಟನ್ನೂ, ಅವರನ್ನೂ.

ಇಷ್ಟಕ್ಕೇ ನಿಲ್ಲಿಸಿದರೆ ನಿಮ್ಮ ಮೊದಲ ಪ್ರಶ್ನೆಗೆ ಇನ್ನೂ ಉತ್ತರವಾಗುವುದಿಲ್ಲ. ನ್ಯಾಯಪೀಠ ಎಂದು ಕುಣಿದೆನಲ್ಲ, ಆ ಪೀಠ ನನ್ನದಲ್ಲ. ನನ್ನ ಹೆಂಡತಿ ಸೀತಾಳದು. ಪಟ್ಟಿ ಅವಳು ಮಾಡಿದ್ದು. ನಾನು ಪ್ರತಿ ತಿಂಗಳು ಅವಳ ನೋಟ್‌ಬುಕ್ಕಿನ ಎರಡು ಪುಟ ನಕಲು ಮಾಡಿ ಮೇಲೆ ಒಗ್ಗರಣೆ ಹಾಕಿ ಪತ್ರಿಕೆಗೆ ಕೊಟ್ಟೆ, ಅಷ್ಟೇ.

ಅವಳ ಪರೀಕ್ಷೆ ನನ್ನದರ ಹಾಗೆ ಗದ್ದಲದ್ದಲ್ಲ. ನಿಘಂಟಿನಲ್ಲಿ ಪದ ಇರಬೇಕು, ಅಂಕಿತನಾಮ, ತುಂಡುಪದ ಆಗಬಾರದು, ಇವೆಲ್ಲ ಅವಳಿಗೂ ಇದ್ದವು. ಅದರ ಮೇಲೆ ಇನ್ನೊಂದು ಇತ್ತು. ಆ ಪದವನ್ನು ಕೆಲಸಕ್ಕೆ ಬಳಸಿದ ಒಬ್ಬರ ಬಾಯಿಂದ ಅರ್ಥ ಕೇಳಿ, ಅವರ ಮಾತಿನಲ್ಲೇ ಕನ್ನಡದಲ್ಲಿ ಒಂದು ಸಾಲು ಬರೆದುಕೊಂಡ ಮೇಲೆಯೇ ಪದ ಪಟ್ಟಿಗೆ. ‘ನಿಘಂಟು ಅನ್ನೋದು ವಿಳಾಸ ಕಣ್ರೀ, ಮನೆಗೆ ಹೋಗಿ ನೋಡ್ಬೇಕು’ ಎನ್ನುತ್ತಿದ್ದಳು. flyby ಪದಕ್ಕಾಗಿ ಯಲಹಂಕದ ವೈಮಾನಿಕ ಪ್ರದರ್ಶನಕ್ಕೆ ಹೋಗಿ, ಬಿಸಿಲಲ್ಲಿ ನಿಂತು, ವಾಯುಪಡೆಯ ಒಬ್ಬರನ್ನು ಮಾತಾಡಿಸಿ ಬಂದಳು. nymph ಎಂದರೆ ನಾನು ಅಪ್ಸರೆ ಎಂದೆ. ಅವಳು ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರದವರ ಹತ್ತಿರ ಹೋಗಿ, ರೆಕ್ಕೆ ಪೂರ್ತಿ ಬಾರದ ಮಿಡತೆಮರಿ ಎಂದು ಬರೆದುಕೊಂಡಳು. lymph ಎಂದರೆ ಮೈಯೊಳಗಿನ ದುಗ್ಧರಸ, ಅದನ್ನು ಅವಳಿಗೆ ಒಬ್ಬ ನರ್ಸ್ ಹೇಳಿದಳು. ಆ ಹೊತ್ತಿಗೆ ನಾವು ಆಸ್ಪತ್ರೆಗೆ ಓಡಾಡುವುದು ಶುರುವಾಗಿತ್ತು.

ಕೊನೆಯ ಪದ syzygy. ಎರಡು ವರ್ಷದ ಹಿಂದೆ ಅಕ್ಟೋಬರಿನಲ್ಲಿ ಬರೆದದ್ದು. ಅದರ ಕೆಳಗೆ ‘ಟಿ’ ಎಂದು ಬರೆದು, ಅಡಿಗೆರೆ ಎಳೆದಿದ್ದಾಳೆ. ಮುಂದೆ ಖಾಲಿ.

ಪಟ್ಟಿ ಎಸ್‌ಗೆ ಮುಗಿಯಿತು ಎಂದು ನಾನೇ ಘೋಷಿಸಿದರೆ ಅವಳು ಮುಗಿಸಿಯೇ ಹೋದಂತೆ ಆಗುತ್ತದೆ ಎಂದುಕೊಂಡಿದ್ದೆ. ಆ ಗೆರೆಯ ಕೆಳಗೆ ನನ್ನ ಕೈಬರಹ ಬರುವುದು ಬೇಡವಾಗಿತ್ತು. ಯಾರೂ ಕೇಳಿರಲಿಲ್ಲ. ಇಡೀ ಉತ್ತರ ಬೆಂಗಳೂರಿನಲ್ಲಿ ಟಿ ಎಲ್ಲಿ ಎಂದು ಕೇಳಿದ್ದು ಒಂದು ಮನೆ.

ನಿಮ್ಮ ನಕಲು ನೋಡಿದ ಮೇಲೆ ಒಂದು ಮಾತು ಹೊಳೆದು ಸಂಕಟವಾಯಿತು. ನನ್ನ ಜಾಗದಲ್ಲಿ ಸೀತಾ ಇದ್ದಿದ್ದರೆ, ಲಕೋಟೆ ಒಡೆದ ದಿನವೇ ಬಸ್ಸು ಹತ್ತಿ ನಿಮ್ಮ ಮನೆಗೆ ಬಂದಿರುತ್ತಿದ್ದಳು. ಆ ಪದವನ್ನು ಮೂವತ್ತನಾಲ್ಕು ವರ್ಷ ಬಳಸಿದವರು ಸಿಕ್ಕರೆ ಬಿಡುತ್ತಿದ್ದಳೇ?

ಅವರನ್ನು ಕೇಳಿ. typy ಎಂದರೆ ಏನು? ನಿಘಂಟಿನದು ಬೇಡ, ಅವರದು ಬೇಕು. ಹೇಳುವುದಿಲ್ಲ ಎಂದರೆ ಅದು ಅವರ ಹಕ್ಕು, ಒತ್ತಾಯ ಮಾಡಬೇಡಿ.

ತ್ರಿವಿಕ್ರಮ

*

ಸೋಲದೇವನಹಳ್ಳಿ
೧೮ ಆಗಸ್ಟ್ ೨೦೨೪

ತ್ರಿವಿಕ್ರಮ ಸರ್,

ನಿಮ್ಮ ಕಾಗದ ನಾನು ಮೊದಲು ಒಬ್ಬಳೇ ಓದಿದೆ. ಆಮೇಲೆ ಮಾವನವರಿಗೆ ಪೂರ್ತಿ ಓದಿದೆ, ಯಾವುದನ್ನೂ ಬಿಡದೆ. ಮೊದಲ ಎರಡು ಸಾಲನ್ನು ಇನ್ನೊಮ್ಮೆ ಓದಿಸಿಕೊಂಡರು. ಮಿಡತೆಮರಿ ಬಂದಾಗ ‘ಬರೋಬ್ಬರಿ’ ಎಂದು ಒಪ್ಪಿ ತಲೆಯಾಡಿಸಿದರು. ಖಾಲಿ ಪುಟದ ವಿಷಯ ಬಂದಾಗ ಕನ್ನಡಕ ತೆಗೆದರು.

ಒಂದು ವಾರ ಹೇಳಲಿಲ್ಲ. ಒತ್ತಾಯ ಬೇಡ ಎಂದು ನೀವು ಬರೆದಿದ್ದರಿಂದ ನಾನೂ ಕೇಳಲಿಲ್ಲ, ಅದು ನನಗೆ ಎಷ್ಟು ಕಷ್ಟ ಎಂದು ಸಂಗಮೇಶ ಅವರನ್ನು ಕೇಳಿ. ಈ ಬೆಳಗ್ಗೆ ನಾನು ಮೆಂತ್ಯ ಸೊಪ್ಪು ಸೋಸುತ್ತಿದ್ದಾಗ ಬಂದು ಎದುರಿಗೆ ಕೂತು, ಬರಕೋ ಅಂದರು. ಕೈ ಒರೆಸಿಕೊಳ್ಳುವಷ್ಟರಲ್ಲಿ ಶುರು ಮಾಡಿಬಿಟ್ಟರು. ಹಾಗಾಗಿ ಮೊದಲ ಮಾತು ತಪ್ಪಿಹೋಗಿದೆ, ಉಳಿದದ್ದು ಅವರದೇ:

‘ಖಿಲಾರಿ ಜಾತಿ ಆಕಳ ಅದ ಅಂತ ತಿಳಿ. ಹಾಲು ಹೆಚ್ಚು ಕೊಡ್ತೈತಿ ಅಂದ್ರ ಅದು ಟೈಪಿ ಅಲ್ಲ. ಮೈ ತುಂಬಿಕೊಂಡೈತಿ, ಅದೂ ಅಲ್ಲ. ಊರ ಅಗಸಿ ಬಾಗಿಲದಾಗ ನಿಂತಿರತೀನಿ ನಾ, ಅದು ಹೊಲದ ಆ ದಂಡ್ಯಾಗ ಬರ್ತಿರತೈತಿ, ಬಣ್ಣ ಸುದ್ದಾ ಕಾಣವಲ್ದು. ಆದ್ರೂ ಆ ಕೊಂಬಿನ ಬಾಗು, ಆ ನಡಗಿ, ನೋಡಿದ ಕೂಡ್ಲೆ ಇದು ಖಿಲಾರಿನಽ ಅಂತ ಅನ್ನಬೇಕು. ತನ್ನ ಕುಲದ್ದೆಲ್ಲಾ ಅದರ ಮೈಮ್ಯಾಗ ಇರಬೇಕು. ಅದು ಟೈಪಿ.’

ನಾನು ಪೆನ್ನು ಕೆಳಗಿಟ್ಟ ಮೇಲೆ, ಇನ್ನೊಂದು ಮಾತು ಹೇಳಿದರು. ‘ಆ ಮಾಸ್ತರಿಗೆ ಬರಿ. ಮನಿಯಾಕಿ ಗೆರಿ ಎಳದು ಇಟ್ಟಾಳಂದ್ರ, ಮುಂದ ಬರೀರಿ ಅಂತನಽ ಎಳದಿರತಾಳ.’

ನಾನು ಎರಡು ವರ್ಷದಲ್ಲಿ ಅವರ ಬಾಯಿಂದ ಒಟ್ಟಿಗೆ ಇಷ್ಟು ಮಾತು ಕೇಳಿರಲಿಲ್ಲ. ಮೆಂತ್ಯ ಹಾಗೇ ಉಳಿಯಿತು, ಮಧ್ಯಾಹ್ನಕ್ಕೆ ಬರೀ ಬೇಳೆ.

ದಾಕ್ಷಾಯಣಿ

*

ಆರ್.ಟಿ. ನಗರ
೮ ಸೆಪ್ಟೆಂಬರ್ ೨೦೨೪

ಚಿರಂಜೀವಿ ದಾಕ್ಷಾಯಣಿಗೆ,

ಚಿರಂಜೀವಿ ಎಂದು ಬರೆಯಲು ನಿಮ್ಮ ಅಪ್ಪಣೆ ಕೇಳಿಲ್ಲ, ವಯಸ್ಸಿನ ದರ್ಪ.

ಪತ್ರಿಕೆ ಜೊತೆಗಿದೆ. ಐದನೆಯ ಪುಟ. typy ದಪ್ಪಕ್ಷರದಲ್ಲಿದೆ, ಅರ್ಥ ಗುರುಪಾದಪ್ಪನವರ ಮಾತಿನಲ್ಲೇ ಇದೆ. ಸಂಪಾದಕರು ‘ಮೈಮ್ಯಾಗ’ವನ್ನು ‘ಮೈಮೇಲೆ’ ಮಾಡಲು ಹೊರಟಿದ್ದರು. ಮುದ್ರಣಾಲಯಕ್ಕೇ ಹೋಗಿ ಕೂತು ತಪ್ಪಿಸಿದೆ.

ಉಳಿದವಕ್ಕೂ ಅವಳ ಪದ್ಧತಿಯಲ್ಲೇ ನಡೆಯಲು ನೋಡಿದೆ. thymy ಪದಕ್ಕೆ ಹೆಬ್ಬಾಳದ ಹೋಟೆಲೊಂದರಲ್ಲಿ ಅಡುಗೆ ಮಾಡುವ ಗೋಕುಲ್ ಸಿಕ್ಕಿದ. ಥೈಮ್ ಎಂಬ ಸೊಪ್ಪನ್ನು ನನ್ನ ಮೂಗಿಗೆ ಹಿಡಿದು ‘ಈ ವಾಸ್ನೆ ಬಂದ್ರೆ thymy, ಸರ್’ ಎಂದ. wynd ಅರ್ಥವನ್ನು ಪಕ್ಕದ ಮನೆಯ ರಾಮಕೃಷ್ಣಪ್ಪ ಹೇಳಿದರು. ಸ್ಕಾಟ್ಲೆಂಡಿನಲ್ಲಿ ಓದುವಾಗ ಅಂಥ ಒಂದು ಕಿರುಗಲ್ಲಿಯಲ್ಲೇ ಮೂರು ವರ್ಷ ಬಾಡಿಗೆಗಿದ್ದರಂತೆ. wryly, ಅಂದರೆ ಬಾಯಿ ಕೊಂಕಿಸಿಕೊಂಡು, ಅದಕ್ಕೆ ನನ್ನ ಸಂಪಾದಕರ ಮುಖವೇ ಸಾಕ್ಷಿ.

tryst ಪದಕ್ಕೆ ಯಾರನ್ನೂ ಹುಡುಕಲಿಲ್ಲ. ಗುಟ್ಟಾಗಿ ಗೊತ್ತುಮಾಡಿಕೊಂಡ ಭೇಟಿ. ಮದುವೆಗೆ ಮುಂಚೆ ಯಶವಂತಪುರ ಸ್ಟೇಷನ್ನಿನ ಎರಡನೇ ಪ್ಲಾಟ್‌ಫಾರ್ಮಿನಲ್ಲಿ ನಾನೂ ಸೀತಾಳೂ ಹನ್ನೊಂದು ಸಲ ಬಳಸಿದ್ದೇವೆ. ನೋಟ್‌ಬುಕ್ಕಿನಲ್ಲಿ ಆ ಅಡಿಗೆರೆಯ ಕೆಳಗೆ ನಾನು ಬರೆದ ಮೊದಲ ಪದ ಅದೇ. ನಿಘಂಟಿನ ಕ್ರಮದಲ್ಲಿ thymy ಮೊದಲು ಬರಬೇಕಿತ್ತು. ಅವಳು ಇದ್ದಿದ್ದರೆ ಬೈಯುತ್ತಿದ್ದಳು, ಆಮೇಲೆ ಹಾಗೇ ಬಿಡುತ್ತಿದ್ದಳು.

ಎಕ್ಸ್‌ನ xylyl ಜೊತೆಗೆ ಪಟ್ಟಿ ಮುಗಿಯಿತು. ವೈ, ಝಡ್‌ಗಳಿಂದ ಶುರುವಾಗುವವು ನನ್ನ ನಿಘಂಟಿನಲ್ಲಿ ಸಿಗಲಿಲ್ಲ. ಮಾವನವರು ಪುಟ ನೋಡಿ ಏನಂದರು, ಬರೆಯಿರಿ.

ತ್ರಿವಿಕ್ರಮ

*

ಸೋಲದೇವನಹಳ್ಳಿ
೧೭ ಸೆಪ್ಟೆಂಬರ್ ೨೦೨೪

ತ್ರಿವಿಕ್ರಮ ಸರ್ ಅವರಿಗೆ ಶರಣು.

ಏನಂದರು ಎಂದು ಕೇಳಿದ್ದೀರಿ. ಹೇಳಲು ಸ್ವಲ್ಪ ಮುಜುಗರ. ಆಕ್ಷೇಪಣೆ ಎತ್ತಿದ್ದಾರೆ.

ತಮ್ಮ ಪದವನ್ನು ಎರಡು ಸಲ ಓದಿದರು, ಬೆರಳಿಟ್ಟು. ಮುಖದಲ್ಲಿ ಏನೂ ತೋರಿಸಲಿಲ್ಲ, ಕಿವಿ ಮಾತ್ರ ಕೆಂಪಗಾಯಿತು. ಆಮೇಲೆ ಮೇಲಿನಿಂದ ಕೆಳಗೆ ಇಡೀ ಪಟ್ಟಿಯನ್ನು ತಪಾಸಣೆ ಮಾಡಿದರು, ದನ ನೋಡುವ ಹಾಗೇ, ಒಂದೊಂದರ ಮುಂದೆ ನಿಂತು. thymy ಪಾಸು. wynd ಪಾಸು. tryst ಬಂದಾಗ ನನ್ನ ಕಡೆ ನೋಡಿ, ಮಾಸ್ತರು ಜೋರಿದ್ರು ಅಂದರು. xylyl ಹತ್ತಿರ ಬೆರಳು ನಿಂತಿತು. ಅಲ್ಲಿ ಅರ್ಥ ಇದೆ, ಹೇಳಿದವರ ಹೆಸರಿಲ್ಲ. ‘ಇದನ್ನ ಯಾರು ಬಳಸ್ಯಾರ?’ ಎಂದು ಕೇಳಿದರು.

ನೀವು ನಿಘಂಟಿನಿಂದ ಎತ್ತಿಕೊಂಡಿರಬಹುದು ಎಂದು ನಿಮ್ಮ ಪರ ವಾದಿಸಿದೆ. ಅದು ನಡಿಯಂಗಿಲ್ಲ ಅಂದರು. ಆಕಿ ಪದ್ಧತಿ ಅಂದಮ್ಯಾಗ ಪದ್ಧತಿ, ಕಡೇ ಶಬ್ದಕ್ಕ ಬಂದು ಯಾಕ ಬಿಡಬೇಕು ಅಂದರು. ಸಂಗಮೇಶ ಅವರು ಇಂಟರ್ನೆಟ್ಟಿನಲ್ಲಿ ನೋಡಿ, ಕ್ಸೈಲೀನ್ ಎಂಬ ದ್ರವದಿಂದ ಒಂದು ಹೈಡ್ರೋಜನ್ ತೆಗೆದರೆ ಉಳಿಯುವ ಗುಂಪಿಗೆ ಆ ಹೆಸರು ಎಂದು ಓದಿ ಹೇಳಿದರು. ಮಾವನವರು ಕೇಳಿಸಿಕೊಂಡು, ‘ಅದು ವಿಳಾಸ’ ಅಂದರು.

ಇಲ್ಲಿ ನಮ್ಮ ಬೀದಿ ದಾಟಿದರೆ ಒಂದು ಕಾಲೇಜಿದೆ. ಅಲ್ಲಿ ರಸಾಯನಶಾಸ್ತ್ರ ಕಲಿಸುವವರು ಇರುತ್ತಾರಾ ಎಂದು ಬೆಳಗ್ಗೆ ಕೇಳಿದರು. ಇರುತ್ತಾರೆ ಅಂದೆ. ನಾನು ಕರೆದುಕೊಂಡು ಹೋಗುತ್ತೇನೆ, ಭಾನುವಾರ ಬರಲಿ ಅಂದೆ. ಭಾನುವಾರ ಕಾಲೇಜು ಮುಚ್ಚಿರತೈತಿ, ಅಷ್ಟೂ ತಿಳಿಯಂಗಿಲ್ಲೇನು ನಿನಗ ಎಂದು ಬೈಸಿಕೊಂಡೆ.

ಇದನ್ನು ಬರೆಯುತ್ತಿರುವಾಗ ಹನ್ನೊಂದು ಗಂಟೆ, ನನಗೆ ಇವತ್ತು ಎರಡನೇ ಪಾಳಿ. ಮಾವನವರು ಮನೆಯಲ್ಲಿಲ್ಲ. ಒಗೆದ ಧೋತರ ಉಟ್ಟು, ಪೆನ್ನು ಜೇಬಿಗೆ ಸಿಕ್ಕಿಸಿಕೊಂಡು ಒಬ್ಬರೇ ಹೋಗಿದ್ದಾರೆ. ಗೇಟಿನ ಚಿಲಕ ಯಾವ ಕಡೆ ತಿರುಗಿಸಬೇಕೆಂದು ಗೊತ್ತಾಗದೆ ಸ್ವಲ್ಪ ಹೊತ್ತು ನಿಂತಿದ್ದರು. ನಾನು ಬಾಲ್ಕನಿಯಿಂದ ನೋಡುತ್ತಿದ್ದೆ, ಕೆಳಗಿಳಿದು ಹೋಗಲಿಲ್ಲ.

ದಾಕ್ಷಾಯಣಿ